ಉಚಿತ ಎಷ್ಟು ಉಚಿತ?

ಕನ್ನಡದಲ್ಲಿ ‘ಉಚಿತ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ತಕ್ಕುದು, ಯೋಗ್ಯವಾದುದು ಎಂಬುದು ಒಂದು. ‘ಇದು ಉಚಿತವೋ ಅನುಚಿತವೋ’ ಎಂದು ಕೇಳುವಾಗ ನಮ್ಮ ಮನಸ್ಸಿನಲ್ಲಿರುವುದು ಆ ಅರ್ಥ. ಬೆಲೆಯಿಲ್ಲದೆ ದೊರಕುವುದು ಎಂಬುದು ಇನ್ನೊಂದು. ಅಂಗಡಿಯ ಫಲಕಗಳಲ್ಲಿಯೂ ಮೊಬೈಲಿನ ಪರದೆಯಲ್ಲಿಯೂ ಇಂದು ಮೆರೆಯುತ್ತಿರುವುದು ಈ ಎರಡನೆಯದೇ. ಸಣ್ಣ ವ್ಯಾಪಾರಿಯೊಬ್ಬರು ‘ಉಚಿತ ಸಾಗಣೆ’ ಎಂದು ಬರೆಯುವ ಮೊದಲು ಎರಡೂ ಅರ್ಥಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ: ಬೆಲೆಯಿಲ್ಲದೆ ಕಳುಹಿಸುವುದು ಎಷ್ಟರ ಮಟ್ಟಿಗೆ ತಕ್ಕುದು, ಯಾವ ಗೆರೆಯ ಆಚೆಗೆ ತಕ್ಕುದು?

ಈ ಪ್ರಶ್ನೆ ನನಗೆ ಎದುರಾದದ್ದು ಡೊಂಬಿವಿಲಿಯಲ್ಲಿರುವ ನನ್ನ ತಂಗಿಯ ವ್ಯಾಪಾರದ ಮೂಲಕ. ಅವಳು ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳನ್ನು ಮನೆಯಲ್ಲಿಯೇ ಮಾಡಿ ಅಂತರ್ಜಾಲದಲ್ಲಿ ಮಾರುತ್ತಾಳೆ. ಕೊಳ್ಳುವವರು ಹೆಚ್ಚಾಗಿ ನಮ್ಮಂಥವರೇ: ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ನೆಲೆಸಿ, ರೊಟ್ಟಿಯ ಬದಿಗೆ ಊರಿನ ಪುಡಿಯೇ ಬೇಕೆನ್ನುವ ಕನ್ನಡಿಗರು. ತಿಂಗಳಿಗೆ ಸುಮಾರು ನೂರು ಆರ್ಡರುಗಳು ಬರುತ್ತವೆ. ಅದರಿಂದ ಉಳಿಯುವ ಹಣ ಮಗಳ ಕಾಲೇಜಿನ ಶುಲ್ಕಕ್ಕೆ ಮೀಸಲು. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದ ನಾನು ಪುಣೆಯಲ್ಲಿ ಕುಳಿತು ಅವಳ ಲೆಕ್ಕ ನೋಡಿಕೊಳ್ಳುತ್ತೇನೆ.

ಪ್ರತಿ ಆರ್ಡರಿಗೂ, ಅದು ಎಷ್ಟೇ ದೊಡ್ಡದಿರಲಿ, ಅವಳು ಸಾಗಣೆಗೆಂದು ₹60 ಪಡೆಯುತ್ತಿದ್ದಳು. ಗ್ರಾಹಕರು ಮೇಲಿಂದ ಮೇಲೆ ಕೇಳತೊಡಗಿದ್ದರಿಂದ ಒಂದು ದಿನ ಫೋನಿನಲ್ಲಿ ಹೇಳಿದಳು: “ಅಕ್ಕಾ, ಎಲ್ಲಾರೂ ನಾನೂರಾ ತೊಂಬತ್ತೊಂಬತ್ತರ ಮ್ಯಾಲೆ ಫ್ರೀ ಕೊಡ್ತಾರ. ನಾನೂ ಹಂಗ ಹಾಕಿಬಿಡ್ಲೇನು?”

“ಹಾಕೂದಕ್ಕಿಂತ ಮೊದಲ ಹೋದ ತಿಂಗಳ ಬಿಲ್ ಎಲ್ಲಾ ಕಳಸು. ಕೊರಿಯರ್‌ದವರ ಬಿಲ್ಲೂ ಬೇಕು,” ಎಂದೆ.

ಮೊದಲು ಒಂದು ಪೊಟ್ಟಣದ ಲೆಕ್ಕ. ಕಾಲು ಕಿಲೋ ಶೇಂಗಾ ಚಟ್ನಿಪುಡಿಯ ಪೊಟ್ಟಣದ ಬೆಲೆ ₹150. ಅದರಲ್ಲಿ ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಮುಂತಾದ ಸಾಮಗ್ರಿಗಳಿಗೂ ಗ್ಯಾಸಿಗೂ ಸೇರಿ ₹56. ಹುರಿದು ಕುಟ್ಟಲು ಬರುವ ಹೆಂಗಸಿನ ಕೂಲಿ ₹23. ಪೊಟ್ಟಣ ಮತ್ತು ಚೀಟಿಗೆ ₹8. ಹಣ ಪಾವತಿಯ ಸೇವೆಯವರು ಹಿಡಿದುಕೊಳ್ಳುವುದು ₹3. ಒಟ್ಟು ₹90 ಕಳೆದರೆ ಉಳಿಯುವುದು ₹60, ಅಂದರೆ ರೂಪಾಯಿಗೆ 40 ಪೈಸೆ. ಉಳಿದ ಪುಡಿಗಳ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ ಆದುದರಿಂದ ಎಲ್ಲವನ್ನೂ ಒಂದೇ ಎಂದು ಹಿಡಿದೆ. ಹೊರರಾಜ್ಯಗಳಿಗೆ ಮಾರುವ ಅವಳು ಜಿಎಸ್‌ಟಿ ನೋಂದಣಿ ಮಾಡಿಸಿದ್ದಾಳೆ. ಇಲ್ಲಿನ ಅಂಕಿಗಳೆಲ್ಲ ತೆರಿಗೆಯನ್ನು ಬಿಟ್ಟು ಬರೆದವು. ಈ ಅರವತ್ತು ರೂಪಾಯಿಯನ್ನು ನಾನು ‘ಉಳಿಕೆ’ ಎಂದು ಕರೆಯುತ್ತೇನೆ. ತಂಗಿಯ ಸ್ವಂತ ದುಡಿಮೆಗೆ, ಅವಳ ಅಡುಗೆಮನೆಗೆ, ಅವಳ ಮಗಳ ಶುಲ್ಕಕ್ಕೆ ಸಿಗುವುದು ಇದೊಂದೇ. ಉಚಿತ ಸಾಗಣೆಯ ಹಣವೂ ಇದರೊಳಗಿಂದಲೇ ಹೋಗಬೇಕು, ಬೇರೆ ಮೂಲವಿಲ್ಲ.

ಇನ್ನು ಸಾಗಣೆ. ಕೊರಿಯರಿನವರು ಗ್ರಾಮಿಗೆ ಇಷ್ಟು ಎಂದು ದರ ಕಟ್ಟುವುದಿಲ್ಲ. ಅರ್ಧ ಕಿಲೋಗೆ ಒಂದು ಹಂತ. 510 ಗ್ರಾಮಿನ ಪೆಟ್ಟಿಗೆಗೂ ಒಂದು ಕಿಲೋದ ದರವೇ ಬೀಳುತ್ತದೆ. ಒಂದು ಪೊಟ್ಟಣದ ತೂಕ ಹೊದಿಕೆಯೂ ಸೇರಿ 260 ಗ್ರಾಂ. ರಟ್ಟಿನ ಪೆಟ್ಟಿಗೆ, ಒಳಗೆ ತುಂಬುವ ಕಾಗದ, ಟೇಪು ಇವುಗಳದು ಸುಮಾರು ನೂರು ಗ್ರಾಂ. ಒಂದು ಪೊಟ್ಟಣದ ಆರ್ಡರು ಅರ್ಧ ಕಿಲೋದ ಹಂತದಲ್ಲಿ ಹೋಗುತ್ತದೆ. ಎರಡು ಪೊಟ್ಟಣವಾದೊಡನೆ 600 ಗ್ರಾಂ ದಾಟಿ ಒಂದು ಕಿಲೋದ ಹಂತಕ್ಕೆ ಏರುತ್ತದೆ. ಮೂರು ಪೊಟ್ಟಣಗಳೂ ಅದೇ ಹಂತದಲ್ಲಿ ಹಿಡಿಯುತ್ತವೆ. ನಾಲ್ಕಾದರೆ ಒಂದೂವರೆ ಕಿಲೋ. ಐದೂ ಅದರಲ್ಲೇ ಹಿಡಿಯುತ್ತದೆ. ಆರಕ್ಕೆ ಎರಡು ಕಿಲೋ.

ಬೇರೆ ಬೇರೆ ಊರುಗಳ ದರಗಳ ಸರಾಸರಿ ತೆಗೆದು, ಪೆಟ್ಟಿಗೆ ಮತ್ತು ಟೇಪಿನ ₹12 ಕೂಡಿಸಿದಾಗ ಅವಳ ಬಿಲ್ಲುಗಳಿಂದ ಬಂದದ್ದು ಹೀಗೆ: ಅರ್ಧ ಕಿಲೋದ ಹಂತಕ್ಕೆ ₹70, ಒಂದು ಕಿಲೋಗೆ ₹100, ಒಂದೂವರೆಗೆ ₹130, ಎರಡಕ್ಕೆ ₹160. ಮೆಟ್ಟಿಲೇರಿದಂತೆಲ್ಲ ಮೂವತ್ತು ಮೂವತ್ತು ಹೆಚ್ಚು.

ಈ ಎರಡು ಲೆಕ್ಕಗಳನ್ನು ಜೋಡಿಸಿದರೆ ಪ್ರತಿ ಆರ್ಡರಿನಲ್ಲಿ ತಂಗಿಯ ಕೈಗೆ ಕೊನೆಗೆ ಬರುವುದೆಷ್ಟು ಎಂದು ತಿಳಿಯುತ್ತದೆ. ಒಂದು ಪೊಟ್ಟಣ ಕೊಂಡವರಿಂದ ಉಳಿಕೆ ₹60, ಸಾಗಣೆಗೆ ಪಡೆದದ್ದು ₹60. ಅದರಿಂದ ₹70 ಕಳೆದರೆ ₹50. ಇದೇ ರೀತಿ ಎರಡು ಪೊಟ್ಟಣದ ಆರ್ಡರಿಗೆ ₹80, ಮೂರಕ್ಕೆ ₹140, ನಾಲ್ಕಕ್ಕೆ ₹170, ಐದಕ್ಕೆ ₹230, ಆರಕ್ಕೆ ₹260. ಹಿಂದಿನ ತಿಂಗಳ ನೂರು ಆರ್ಡರುಗಳಲ್ಲಿ 30 ಮಂದಿ ಒಂದೊಂದು ಪೊಟ್ಟಣ ಕೊಂಡಿದ್ದರು, 28 ಮಂದಿ ಎರಡೆರಡು, 20 ಮಂದಿ ಮೂರು, 12 ಮಂದಿ ನಾಲ್ಕು, 6 ಮಂದಿ ಐದು, 4 ಮಂದಿ ಆರು. ಎಲ್ಲ ಕೂಡಿ ಆ ತಿಂಗಳು ಅವಳಿಗೆ ದಕ್ಕಿದ್ದು ₹11,000. ಆರ್ಡರಿಗೆ ಸರಾಸರಿ ₹110.

ಈಗ ₹499ರ ಗೆರೆಯನ್ನು ಈ ಪುಸ್ತಕದ ಮೇಲೆ ಎಳೆದು ನೋಡೋಣ. ಮೂರು ಪೊಟ್ಟಣಕ್ಕೆ ₹450; ಗೆರೆ ಮುಟ್ಟುವುದಿಲ್ಲ. ಗ್ರಾಹಕರು ‘ಇನ್ನೊಂದು ತೆಗೆದುಕೊಂಡರೆ ಸಾಗಣೆ ಉಚಿತ’ ಎಂದು ನಾಲ್ಕನೆಯದನ್ನು ಸೇರಿಸುತ್ತಾರೆ. ವ್ಯಾಪಾರಿ ಬಯಸಿದ್ದೂ ಇದನ್ನೇ ಅಲ್ಲವೇ? ನಾಲ್ಕನೆಯ ಪೊಟ್ಟಣದಿಂದ ಬರುವ ಉಳಿಕೆ ₹60. ಆದರೆ ಸಾಗಣೆಗೆಂದು ಬರುತ್ತಿದ್ದ ₹60 ಬಿಟ್ಟುಹೋಯಿತು. ಅಲ್ಲಿಗೆ ಲೆಕ್ಕ ಸಮವಾಯಿತು. ಇದರ ಮೇಲೆ ಪೆಟ್ಟಿಗೆ ಒಂದು ಕಿಲೋದ ಹಂತದಿಂದ ಒಂದೂವರೆಗೆ ಏರಿ ಕೊರಿಯರಿನವರಿಗೆ ₹30 ಹೆಚ್ಚು ಹೋಯಿತು. ಮೂರು ಪೊಟ್ಟಣದ ಗ್ರಾಹಕರಿಂದ ₹140 ಪಡೆಯುತ್ತಿದ್ದವಳು ನಾಲ್ಕು ಪೊಟ್ಟಣ ಕಳುಹಿಸಿ ₹110 ಪಡೆಯುತ್ತಾಳೆ.

ಇದನ್ನು ಹೇಳಿದಾಗ ತಂಗಿ ಕ್ಷಣಕಾಲ ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಅಂದ್ರ ನಾ ಇನ್ನೂ ಪಾವ್ ಕಿಲೋ ಪುಡಿ ಕುಟ್ಟಿ, ಮ್ಯಾಲೆ ಮೂವತ್ತು ರೂಪಾಯಿ ಕೈಯಿಂದ ಹಾಕಬೇಕೇನು?”

ಅಷ್ಟೇ ಅಲ್ಲ. ಗೆರೆ ಎಳೆಯುವ ಮೊದಲೇ ನಾಲ್ಕು, ಐದು, ಆರು ಪೊಟ್ಟಣ ಕೊಳ್ಳುತ್ತಿದ್ದವರು 22 ಮಂದಿ ಇದ್ದರು. ಅವರು ₹60 ಕೊಟ್ಟೇ ಕೊಳ್ಳುತ್ತಿದ್ದರು. ಹೊಸ ಗೆರೆ ಅವರಿಂದ ಇನ್ನಷ್ಟು ಕೊಳ್ಳಿಸುವುದಿಲ್ಲ. ಅವರ ₹60ನ್ನು ಮನ್ನಾ ಮಾಡುತ್ತದೆ, ಅಷ್ಟೆ. ಒಟ್ಟು ₹1,320 ಏನನ್ನೂ ತಾರದೆ ಹೋಗುತ್ತದೆ. ಮೂರು ಪೊಟ್ಟಣದವರಲ್ಲಿ ಅರ್ಧದಷ್ಟು ಜನ, ಅಂದರೆ ಹತ್ತು ಮಂದಿ, ನಾಲ್ಕಕ್ಕೆ ಏರಿದರೆಂದು ಊಹಿಸಿದರೆ ಅವರಿಂದ ₹300 ನಷ್ಟ. ಎರಡು ಪೊಟ್ಟಣದವರಲ್ಲಿ ನಾಲ್ಕು ಮಂದಿ ನಾಲ್ಕಕ್ಕೆ ಏರಿದರೆ ಅವರಿಂದ ತಲಾ ₹30ರಂತೆ ₹120 ಲಾಭ. ಕೂಡಿ ಕಳೆದರೆ ತಿಂಗಳ ₹11,000 ಇದ್ದದ್ದು ₹9,500 ಆಗುತ್ತದೆ.

ಇಲ್ಲಿ ಮೋಸಹೋಗುವುದು ಸುಲಭ, ಏಕೆಂದರೆ ಮೇಲ್ನೋಟದ ಅಂಕಿಗಳೆಲ್ಲ ಏರುತ್ತವೆ. ಮಾರಾಟವಾದ ಪೊಟ್ಟಣಗಳು 248ರಿಂದ 266 ಆಗುತ್ತವೆ. ಆರ್ಡರಿನ ಸರಾಸರಿ ಮೊತ್ತ ₹372ರಿಂದ ₹399ಕ್ಕೆ ಏರುತ್ತದೆ. ಮಾರಾಟದ ತಂತ್ರಾಂಶಗಳು ಮೊದಲ ಪುಟದಲ್ಲಿ ತೋರಿಸುವುದು ಈ ಸರಾಸರಿ ಮೊತ್ತವನ್ನೇ. ಅದನ್ನು ನೋಡಿ ಸಂತೋಷಪಡುವವರಿಗೆ ಮೂರು ತಿಂಗಳ ಬಳಿಕ ಬ್ಯಾಂಕಿನ ಖಾತೆ ಏಕೆ ತೆಳ್ಳಗಾಯಿತೆಂದು ಹೊಳೆಯುವುದಿಲ್ಲ. ದುಡಿಮೆ ಹೆಚ್ಚಿತು, ವಹಿವಾಟು ಹೆಚ್ಚಿತು, ಉಳಿದದ್ದು ಕಡಿಮೆಯಾಯಿತು.

ಹಾಗಾದರೆ ಗೆರೆ ಎಲ್ಲಿರಬೇಕು? ದೊಡ್ಡ ಅಂಗಡಿಗಳು ಎಲ್ಲಿ ಎಳೆದಿವೆ ಎಂಬುದರಿಂದ ಇದು ನಿರ್ಧಾರವಾಗದು. ಅವರ ಉಳಿಕೆ ಬೇರೆ, ಕೊರಿಯರಿನೊಡನೆ ಅವರಿಗಿರುವ ದರ ಬೇರೆ. ನಮ್ಮ ಪುಸ್ತಕದಿಂದಲೇ ಅದು ಬರಬೇಕು. ನಾನು ಬಳಸಿದ ಲೆಕ್ಕ ಸರಳವಾದುದು. ಮೊದಲು, ಯಾವ ಆರ್ಡರನ್ನು ಮೇಲಕ್ಕೆ ಏರಿಸಲು ಬಯಸುತ್ತೇವೆ ಎಂಬುದನ್ನು ಆರಿಸಿಕೊಳ್ಳಬೇಕು. ಒಂದು ಪೊಟ್ಟಣ ಕೊಳ್ಳುವವರು ರುಚಿ ನೋಡಲು ಬಂದವರು. ಅವರು ಐದಕ್ಕೆ ಏರುವವರಲ್ಲ. ತಂಗಿಯ ಪುಸ್ತಕದಲ್ಲಿ ಏರುವ ಮನಸ್ಸುಳ್ಳವರು ಮೂರು ಪೊಟ್ಟಣದವರು, ₹450ರವರು. ಅವರು ಗೆರೆ ದಾಟಿದಾಗ ನಾವು ಕಳೆದುಕೊಳ್ಳುವುದು ಎರಡು ಮೊತ್ತಗಳನ್ನು: ಬಾರದೆ ಹೋಗುವ ಸಾಗಣೆ ಶುಲ್ಕ ₹60, ತೂಕದ ಹಂತ ಏರಿದ್ದರಿಂದ ತಗಲುವ ₹30. ಕೂಡಿದರೆ ₹90. ರೂಪಾಯಿಗೆ 40 ಪೈಸೆ ಉಳಿಯುವ ವ್ಯಾಪಾರದಲ್ಲಿ ₹90 ಉಳಿಯಬೇಕಾದರೆ ₹225ರ ಹೆಚ್ಚಿನ ಮಾರಾಟವಾಗಬೇಕು. ಹಿಂದಿನ ₹450ಕ್ಕೆ ಈ ₹225 ಸೇರಿಸಿದರೆ ₹675. ಇದಕ್ಕಿಂತ ಕೆಳಗೆ ಎಳೆದ ಯಾವ ಗೆರೆಯೂ ಆ ಗ್ರಾಹಕರ ವಿಷಯದಲ್ಲಿ ನಷ್ಟದ ಗೆರೆಯೇ.

ಉಳಿಕೆ ಕಡಿಮೆಯಿದ್ದಷ್ಟೂ ಗೆರೆ ದೂರ ಸರಿಯುತ್ತದೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ರೂಪಾಯಿಗೆ 40ರ ಬದಲು 20 ಪೈಸೆ ಮಾತ್ರ ಉಳಿಯುವ ಸರಕಾಗಿದ್ದರೆ ಅದೇ ₹90ಕ್ಕಾಗಿ ₹450ರ ಹೆಚ್ಚಿನ ಮಾರಾಟ ಬೇಕಾಗುತ್ತಿತ್ತು. ಗೆರೆ ₹900ಕ್ಕೆ ಹೋಗಿ ನಿಲ್ಲುತ್ತಿತ್ತು. ಅಷ್ಟು ದೂರದ ಗೆರೆಯತ್ತ ಯಾರೂ ಕೈಚಾಚುವುದಿಲ್ಲ. ಅಂಥ ವ್ಯಾಪಾರದಲ್ಲಿ ಉಚಿತ ಸಾಗಣೆಯ ಮಾತನ್ನೇ ಎತ್ತದಿರುವುದು ಲೇಸು.

ಲೆಕ್ಕ ₹675 ಎಂದಿತು. ಅದನ್ನು ಪೊಟ್ಟಣಗಳ ಭಾಷೆಗೆ ಇಳಿಸಬೇಕು, ಏಕೆಂದರೆ ಗ್ರಾಹಕರು ಕೊಳ್ಳುವುದು ಇಡಿಯ ಪೊಟ್ಟಣಗಳನ್ನು. ನಾಲ್ಕಕ್ಕೆ ₹600, ಐದಕ್ಕೆ ₹750. ಗೆರೆಯನ್ನು ₹699ಕ್ಕೆ ಎಳೆದರೆ ಅದನ್ನು ದಾಟಲು ಐದು ಪೊಟ್ಟಣ ಬೇಕು. ಇಲ್ಲಿ ತೂಕವೂ ನಮ್ಮ ಪರವಾಗಿ ನಿಲ್ಲುತ್ತದೆ. ನಾಲ್ಕು ಪೊಟ್ಟಣದ ಪೆಟ್ಟಿಗೆ 1,150 ಗ್ರಾಂ. ಒಂದೂವರೆ ಕಿಲೋಗೆ ಹಣ ತೆತ್ತು ಅದರಲ್ಲಿ 350 ಗ್ರಾಮಿನಷ್ಟು ಜಾಗವನ್ನು ಖಾಲಿ ಕಳುಹಿಸುತ್ತೇವೆ. ಐದಾದರೆ 1,410 ಗ್ರಾಂ. ಕೊಟ್ಟ ಹಣಕ್ಕೆ ಹಂತ ತುಂಬುತ್ತದೆ, ಐದನೆಯ ಪೊಟ್ಟಣ ಕೊರಿಯರಿಗೆ ಒಂದು ಪೈಸೆಯೂ ಹೆಚ್ಚಿಸದೆ ಹೋಗುತ್ತದೆ. ಗೆರೆ ಯಾವಾಗಲೂ ಹಂತದ ಆರಂಭಕ್ಕಲ್ಲ, ಅದರ ಅಂಚಿಗೆ ಹತ್ತಿರವಿರಬೇಕು. ₹499ರ ಗೆರೆ ಗ್ರಾಹಕರನ್ನು ತಂದು ನಿಲ್ಲಿಸುತ್ತಿದ್ದದ್ದು ಸರಿಯಾಗಿ ಹೊಸ ಹಂತದ ಬಾಗಿಲಲ್ಲಿ.

₹699ರ ಗೆರೆಯಲ್ಲಿ ಐದು ಪೊಟ್ಟಣದ ಉಚಿತ ಆರ್ಡರಿನಿಂದ ದಕ್ಕುವುದು ₹170. ಮೂರರಿಂದ ಏರಿದವರು ₹140ರ ಬದಲು ₹170 ತರುತ್ತಾರೆ. ನಾಲ್ಕರಿಂದ ಏರಿದವರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೊದಲೇ ಗೆರೆಯಾಚೆ ಇದ್ದವರು 22 ಅಲ್ಲ, 10 ಮಂದಿ ಮಾತ್ರ. ಅವರಿಗೆ ಮಾಡುವ ಮನ್ನಾ ₹600. ಗೆರೆ ಎಳೆಯುವ ಮೊದಲು ಎಣಿಸಲೇಬೇಕಾದ ಅಂಕಿ ಇದು. ನೂರರಲ್ಲಿ ಎಷ್ಟು ಮಂದಿ ಈಗಾಗಲೇ ಅದರಾಚೆ ಇದ್ದಾರೆ? ಆ ಸಂಖ್ಯೆ ನಾಲ್ಕರಲ್ಲೊಂದು ಪಾಲಿನ ಹತ್ತಿರ ಬಂದರೆ, ಏರಿ ಬರುವವರಿಂದ ಸಿಗುವುದು ಅವರಿಗೆ ಬಿಟ್ಟುಕೊಟ್ಟದ್ದನ್ನು ತುಂಬುವುದು ಕಷ್ಟ.

ಆದರೂ ₹600 ಎಲ್ಲಿಂದಲೋ ಬರಬೇಕು. ಮೂರರಿಂದ ಐದಕ್ಕೆ ಐದು ಮಂದಿ, ಎರಡರಿಂದ ಇಬ್ಬರು ಏರಿದರೂ ಸಿಗುವುದು ₹330. ಗೆರೆಯೊಂದೇ ಈ ವ್ಯಾಪಾರವನ್ನು ಕಾಯಲಾರದು. ಅದರ ಕೆಳಗಿನ ಶುಲ್ಕವನ್ನೂ ಒಟ್ಟಿಗೆ ನೋಡಬೇಕು. ಸಾಗಣೆ ಶುಲ್ಕ ₹60 ಎಂಬುದು ತಂಗಿ ಎಂದೋ ಅಂದಾಜಿನಲ್ಲಿ ಇಟ್ಟ ಅಂಕಿ. ಅತಿ ಚಿಕ್ಕ ಪೆಟ್ಟಿಗೆಗೆ ನಿಜವಾಗಿ ತಗಲುತ್ತಿದ್ದದ್ದು ₹70. ಶುಲ್ಕವನ್ನು ₹70 ಮಾಡೋಣ ಎಂದೆ. ಇದಕ್ಕೊಂದು ಆಧಾರವಿದೆ: ಒಂದು ಪೊಟ್ಟಣ ಕೊಳ್ಳುವವರು ತಮ್ಮ ಪೆಟ್ಟಿಗೆಯ ಪೂರ್ತಿ ವೆಚ್ಚ ಕೊಡುತ್ತಾರೆ, ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚಲ್ಲ. ಎರಡು, ಮೂರು, ನಾಲ್ಕು ಕೊಳ್ಳುವವರ ಪೆಟ್ಟಿಗೆಗೆ ಬೀಳುವ ಹೆಚ್ಚಿನ ಮೂವತ್ತು, ಅರವತ್ತು ರೂಪಾಯಿಗಳನ್ನು ಪೊಟ್ಟಣಗಳ ಉಳಿಕೆಯೇ ಹೊರುತ್ತದೆ. ಯಾರಾದರೂ ‘ಏಕಿಷ್ಟು?’ ಎಂದು ಕೇಳಿದರೆ ಕೊರಿಯರಿನ ಬಿಲ್ಲನ್ನು ತೋರಿಸಿ ಉತ್ತರಿಸಬಹುದು.

ತಂಗಿಗೆ ಇನ್ನೊಂದು ಉಪಾಯ ಹೊಳೆದಿತ್ತು. ಸಾಗಣೆಯನ್ನು ಬೆಲೆಯಲ್ಲೇ ಅಡಗಿಸಿ, ಪೊಟ್ಟಣಕ್ಕೆ ₹185 ಮಾಡಿ, ಎಲ್ಲರಿಗೂ ಉಚಿತ ಎಂದು ಬರೆದರೆ ಹೇಗೆ? ಲೆಕ್ಕ ಹಾಕಿದರೆ ಒಂದು ಪೊಟ್ಟಣದವರಿಂದ ಸಾಗಣೆಗೆ ಬರುವುದು ₹35, ಹೋಗುವುದು ₹70. ಐದು ಪೊಟ್ಟಣದವರಿಂದ ಬರುವುದು ₹175, ಹೋಗುವುದು ₹130. ಹೆಚ್ಚು ಕೊಳ್ಳುವವರು ಕಡಿಮೆ ಕೊಳ್ಳುವವರ ಸಾಗಣೆಯನ್ನು ಹೊರುತ್ತಾರೆ. ನಿಷ್ಠ ಗ್ರಾಹಕರನ್ನು ದಂಡಿಸಿ ಒಂದೇ ಒಂದು ಪೊಟ್ಟಣದವರನ್ನು ಕರೆಯುವ ಏರ್ಪಾಡು ಅದು. ಮೇಲಾಗಿ ಅದೇ ಪೊಟ್ಟಣ ಅವಳ ಮನೆಗೇ ಬಂದು ಕೊಳ್ಳುವ ನೆರೆಹೊರೆಯವರಿಗೆ ₹150ಕ್ಕೆ ಸಿಗುತ್ತದೆ. ಎರಡು ಬೆಲೆಗಳ ಸುದ್ದಿ ವಾಟ್ಸಾಪಿನಲ್ಲಿ ಹರಡಲು ಒಂದು ದಿನ ಸಾಕು.

ಕೊನೆಗೆ ₹70 ಶುಲ್ಕ, ₹699ರ ಗೆರೆ ಎಂದು ನಿಶ್ಚಯಿಸಿ, ಹಬ್ಬಗಳಿಲ್ಲದ ಒಂದು ತಿಂಗಳು ಪರೀಕ್ಷಿಸಿದೆವು. ನೂರರ ಬದಲು 95 ಆರ್ಡರುಗಳು ಬಂದವು. ಒಂದೇ ಪೊಟ್ಟಣ ಕೊಂಡವರು 30ರಿಂದ 25ಕ್ಕೆ ಇಳಿದಿದ್ದರು. ಹತ್ತು ರೂಪಾಯಿಯ ಏರಿಕೆ ಕೆಲವರನ್ನು ಹಿಂದೆ ಸರಿಸಿರಬೇಕು. ಎರಡು ಕೊಂಡವರು 26, ಮೂರು ಕೊಂಡವರು 15, ನಾಲ್ಕು ಕೊಂಡವರು 6. ಐದು ಕೊಂಡವರು 6ರಿಂದ 19ಕ್ಕೆ ಏರಿದ್ದರು. ಆರು ಕೊಂಡವರು ಹಿಂದಿನಂತೆ 4. ತಂಗಿಗೆ ದಕ್ಕಿದ್ದು ₹11,200. ಮೊತ್ತ ಹೆಚ್ಚಿದ್ದು ಇನ್ನೂರೇ ರೂಪಾಯಿ. ಆದರೆ ₹499ರ ಗೆರೆಯಲ್ಲಿ ಕಾಗದದ ಮೇಲೆ ಕಂಡ ₹9,500ರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಂಗಳಿಗೆ ₹1,700. ಕಟ್ಟಿದ ಪೆಟ್ಟಿಗೆಗಳು ಐದು ಕಡಿಮೆ. ‘ಉಚಿತ ಇಲ್ಲವೇ?’ ಎಂಬ ಪ್ರಶ್ನೆಗೂ ಒಂದು ಉತ್ತರ ಸಿಕ್ಕಿತು.

ಇಷ್ಟಾದ ಮೇಲೂ ಈ ಏರ್ಪಾಡು ಮೂರು ಕಡೆಗಳಿಂದ ಸೋರಬಹುದು.

ಮೊದಲನೆಯದು ಪೆಟ್ಟಿಗೆಯ ಗಾತ್ರ. ಕೊರಿಯರಿನವರು ತೂಕದ ಜೊತೆಗೆ ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವುದು ‘ಗಾತ್ರದ ತೂಕ’, ಕಿಲೋಗಳಲ್ಲಿ. ಅನೇಕ ಕೊರಿಯರುಗಳು ಬಳಸುವ ಭಾಜಕ ಇದು. ನಿಜವಾದ ತೂಕ, ಗಾತ್ರದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. 25, 20, 12 ಸೆಂಟಿಮೀಟರಿನ ಪೆಟ್ಟಿಗೆಯ ಗಾತ್ರದ ತೂಕ 1.2 ಕಿಲೋ. ಐದು ಪೊಟ್ಟಣಕ್ಕೆ ಅದು ಸರಿ. ನಿಜವಾದ ತೂಕವೇ ಅದಕ್ಕಿಂತ ಹೆಚ್ಚು. ಆದರೆ ಅದೇ ಪೆಟ್ಟಿಗೆಯಲ್ಲಿ ಮೂರು ಪೊಟ್ಟಣ ಇಟ್ಟರೆ 880 ಗ್ರಾಮಿನ ಸರಕಿಗೆ ಒಂದೂವರೆ ಕಿಲೋದ ಹಣ ಬೀಳುತ್ತದೆ. ತಂಗಿ ಈಗ ಮೂರು ಅಳತೆಯ ಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದಾಳೆ. 18, 14, 8 ಸೆಂಟಿಮೀಟರಿನದು ಒಂದು ಪೊಟ್ಟಣಕ್ಕೆ. 22, 16, 10ರದು ಎರಡು, ಮೂರಕ್ಕೆ. ದೊಡ್ಡದು ನಾಲ್ಕಕ್ಕೂ ಮೇಲಿನದಕ್ಕೂ. ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟು, ಅಳತೆಯ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ಫೋಟೋ ತೆಗೆಯುತ್ತಾಳೆ. ಕೊರಿಯರಿನವರು ತಮ್ಮ ಗೋದಾಮಿನಲ್ಲಿ ಮತ್ತೆ ತೂಗಿ ಹೆಚ್ಚಿನ ಹಂತದ ಬಿಲ್ಲು ಹಾಕಿದರೆ ತಕರಾರು ಎತ್ತಲು ಆ ಫೋಟೋ ಬೇಕು. ಹಪ್ಪಳ, ಸಂಡಿಗೆಯಂಥ ಹಗುರ ಸರಕನ್ನು ಮಾರುವವರು ತೂಕವನ್ನು ಮರೆತು ಗಾತ್ರದಿಂದಲೇ ಲೆಕ್ಕ ಆರಂಭಿಸಬೇಕು.

ಎರಡನೆಯದು ದೂರ. ಮೇಲಿನ ₹70, ₹100, ₹130ಗಳು ಸರಾಸರಿಗಳು. ಮುಂಬೈಯ ಒಳಗೆ ಇದಕ್ಕಿಂತ ಕಡಿಮೆ, ಈಶಾನ್ಯ ರಾಜ್ಯಗಳಿಗೂ ಜಮ್ಮು–ಕಾಶ್ಮೀರಕ್ಕೂ ಬಹಳ ಹೆಚ್ಚು. ತಂಗಿಯ ದರಪಟ್ಟಿಯಲ್ಲಿ ಗುವಾಹಟಿಗೆ ಐದು ಪೊಟ್ಟಣ ಕಳುಹಿಸಲು ₹205 ತಗಲುತ್ತದೆ. ಉಚಿತವಾಗಿ ಕಳುಹಿಸಿದರೆ ದಕ್ಕುವುದು ₹95, ಅಂದರೆ ಶುಲ್ಕ ಕೊಟ್ಟು ಮೂರು ಪೊಟ್ಟಣ ಕೊಂಡವರು ತರುವುದಕ್ಕಿಂತಲೂ ಕಡಿಮೆ. ಅಲ್ಲಿಂದ ತಿಂಗಳಿಗೆ ಒಂದೆರಡು ಆರ್ಡರು ಬಂದರೆ ಸರಾಸರಿ ಅದನ್ನು ತಾಳಿಕೊಳ್ಳುತ್ತದೆ. ಆದರೆ ಸರಾಸರಿ ಎಂಬುದು ಯಾರು ಕೊಳ್ಳುತ್ತಾರೆ ಎಂಬುದರ ಮೇಲೆ ನಿಂತದ್ದು. ಆ ಕಡೆಯ ಯಾವುದಾದರೂ ಕನ್ನಡ ಸಂಘದ ಗುಂಪಿನಲ್ಲಿ ಅವಳ ಹೆಸರು ಹರಿದಾಡಿ ಒಮ್ಮೆಗೇ ಇಪ್ಪತ್ತು ಆರ್ಡರು ಬಂದರೆ ಸರಾಸರಿ ಬದಲಾಗುತ್ತದೆ, ಗೆರೆ ಬದಲಾಗುವುದಿಲ್ಲ. ಆದುದರಿಂದ ಆ ಪ್ರದೇಶಗಳ ಪಿನ್ ಕೋಡುಗಳಿಗೆ ಉಚಿತದ ಗೆರೆಯನ್ನು ಅನ್ವಯಿಸದೆ, ಬೇರೆ ಶುಲ್ಕವನ್ನು ಮೊದಲೇ ಬರೆದಿಟ್ಟಿದ್ದಾಳೆ. ಆರ್ಡರು ಬಂದ ಮೇಲೆ ಹೆಚ್ಚು ಕೇಳುವುದಕ್ಕಿಂತ ಇದು ಮರ್ಯಾದೆಯ ಕ್ರಮ.

ಮೂರನೆಯದು ಮರಳಿ ಬರುವ ಪೆಟ್ಟಿಗೆ. ಮನೆಗೆ ತಲುಪಿದ ಮೇಲೆ ಹಣ ಕೊಡುವ ವ್ಯವಸ್ಥೆಯನ್ನು ತಂಗಿ ಇಟ್ಟುಕೊಂಡಿಲ್ಲ. ಆ ವ್ಯವಸ್ಥೆಯಲ್ಲಿ ಬಾಗಿಲಲ್ಲಿ ಬೇಡವೆನ್ನುವವರಿಗೆ ಏನೂ ನಷ್ಟವಿಲ್ಲ. ಸಾಗಣೆಯೂ ಉಚಿತವಾದರಂತೂ ಕೈಯಿಂದ ಏನೂ ಹಾಕದೆಯೇ ಆರ್ಡರು ಮಾಡಬಹುದು. ಐದು ಪೊಟ್ಟಣದ ಪೆಟ್ಟಿಗೆ ಹೋಗಿ ಮರಳಿದರೆ ಎರಡೂ ಕಡೆಯ ಕೊರಿಯರು ₹118ರಂತೆ ₹236, ಪೆಟ್ಟಿಗೆಯ ₹12, ಒಟ್ಟು ₹248. ಒಳಗಿನ ಪುಡಿ ಮತ್ತೆ ಮಾರುವಂತಿದ್ದರೂ ಒಂದೂವರೆ ಒಳ್ಳೆಯ ಆರ್ಡರಿನ ಗಳಿಕೆ ಅಲ್ಲಿಗೆ ಮುಗಿಯಿತು. ಆ ವ್ಯವಸ್ಥೆಯಿಲ್ಲದೆ ವ್ಯಾಪಾರವೇ ನಡೆಯದು ಎನ್ನುವವರು ಅದಕ್ಕೆ ಬೇರೆ ಶುಲ್ಕ ಇಡಬೇಕು; ಉಚಿತ ಸಾಗಣೆ ಮುಂಗಡ ಹಣ ಕೊಟ್ಟವರಿಗೆ ಮಾತ್ರ.

ಈ ಸೋರಿಕೆಗಳನ್ನು ಕಂಡುಹಿಡಿಯಲು ಒಂದೇ ಅಂಕಿಯನ್ನು ಪ್ರತಿ ತಿಂಗಳೂ ನೋಡಿದರೆ ಸಾಕು: ಎಲ್ಲ ಖರ್ಚು, ಕೊರಿಯರಿನ ಅಂತಿಮ ಬಿಲ್ಲು ಕಳೆದ ಮೇಲೆ ಆರ್ಡರೊಂದಕ್ಕೆ ದಕ್ಕಿದ್ದೆಷ್ಟು. ತಂಗಿಯ ಪುಸ್ತಕದಲ್ಲಿ ಅದು ₹110 ಇತ್ತು, ಬಳಿಕ ₹118ರ ಹತ್ತಿರ ಬಂತು. ಆರ್ಡರಿನ ಮೊತ್ತ ಏರುತ್ತಿದ್ದು ಈ ಅಂಕಿ ಇಳಿಯುತ್ತಿದ್ದರೆ ಗೆರೆ ತಪ್ಪು ಜಾಗದಲ್ಲಿದೆ. ಎರಡೂ ಇಳಿಯುತ್ತಿದ್ದರೆ ದೋಷ ಬೇರೆಲ್ಲೋ ಇದೆ. ಶೇಂಗಾದ ಬೆಲೆ ಏರಿದಾಗ, ಕೊರಿಯರಿನವರು ದರ ಪರಿಷ್ಕರಿಸಿದಾಗ ಮೊದಲು ಮತ್ತೆ ಕಟ್ಟಬೇಕಾದದ್ದು ಆ ₹60ರ ಉಳಿಕೆಯನ್ನು. ಗೆರೆ ಅದರ ಹಿಂದೆ ತಾನಾಗಿ ಸರಿಯುತ್ತದೆ. ಶೇಂಗಾ ತುಟ್ಟಿಯಾಗಿ ಉಳಿಕೆ ₹60ರಿಂದ ₹50ಕ್ಕೆ ಇಳಿದರೆ ಐದು ಪೊಟ್ಟಣದ ಉಚಿತ ಆರ್ಡರು ₹120 ಮಾತ್ರ ತರುತ್ತದೆ. ಮೂರರವರು ಶುಲ್ಕ ಕೊಟ್ಟು ಅಷ್ಟನ್ನೇ ತರುತ್ತಾರೆ. ಆಗ ಬದಲಿಸಬೇಕಾದದ್ದು ಪೊಟ್ಟಣದ ಬೆಲೆಯನ್ನು. ಅದು ಸಾಧ್ಯವಾಗದಿದ್ದರೆ ಗೆರೆಯನ್ನು.

ಈ ಮಾತು ಹೇಳಿದಾಗ ತಂಗಿ ಕೇಳಿದ್ದು ಒಂದೇ: “ಗೆರಿ ಸರಿಸಿದ್ರ ಮಂದಿ ಸಿಟ್ಟಾಗೂದಿಲ್ಲೇನು?” ಆಗಬಹುದು. ಅದಕ್ಕಾಗಿಯೇ ಗೆರೆಯನ್ನು ಮೊದಲ ಸಲ ಎಳೆಯುವಾಗ ತುಸು ಮೇಲಕ್ಕೇ ಎಳೆಯಬೇಕು. ₹699ರಲ್ಲಿದ್ದದ್ದನ್ನು ದೀಪಾವಳಿಗೆಂದು ಒಂದು ವಾರ ₹599ಕ್ಕೆ ಇಳಿಸಿದರೆ ಅದು ಹಬ್ಬದ ಕೊಡುಗೆ. ₹499ರಲ್ಲಿದ್ದದ್ದನ್ನು ₹699ಕ್ಕೆ ಏರಿಸಿದರೆ, ಕಾರಣ ಎಷ್ಟೇ ನ್ಯಾಯವಾಗಿರಲಿ, ಕೊಟ್ಟದ್ದನ್ನು ಕಿತ್ತುಕೊಂಡಂತೆ.